ಐವಿಎಫ್ ಸೂಜಿ: ಮೂತ್ರದಿಂದ ಬಂದದ್ದೋ, ಲ್ಯಾಬಿನಲ್ಲಿ ಮಾಡಿದ್ದೋ? ಹೊಟ್ಟೆಯಲ್ಲಿ ನೀರು ತುಂಬುವುದು ಯಾಕೆ?

ಮಕ್ಕಳಾಗಲೆಂದು ಐವಿಎಫ್ ಚಿಕಿತ್ಸೆ ಪಡೆಯುತ್ತಿದ್ದ ಹೆಣ್ಣುಮಗಳು ಹೊಟ್ಟೆಯಲ್ಲಿ ನೀರು ತುಂಬಿ ಐಸಿಯು ಸೇರಿದಳು ಎಂಬ ಸುದ್ದಿ ಆಗಾಗ ಬರುತ್ತದೆ. ಅದರ ಬೆನ್ನಿಗೇ ವಾಟ್ಸ್ಆ್ಯಪ್‌ನಲ್ಲಿ ಮಾತು ಶುರುವಾಗುತ್ತದೆ. ಅಗ್ಗದ ಸೂಜಿ ಕೊಟ್ಟಿದ್ದಕ್ಕೇ ಹೀಗಾಯಿತು, ಮೂತ್ರದಿಂದ ಮಾಡಿದ ಮದ್ದು ಅದು, ದುಬಾರಿಯದ್ದನ್ನೇ ಕೇಳಿ ಪಡೆಯಿರಿ ಅಂತ. ಇನ್ನೊಂದು ಕಡೆ ಇದಕ್ಕೆ ಪೂರ್ತಿ ಉಲ್ಟಾ ಮಾತು: ಮೂತ್ರದ ಮದ್ದೇ ಸುರಕ್ಷಿತ, ಹೊಸದರಿಂದಲೇ ತೊಂದರೆ ಜಾಸ್ತಿ. ಕಲಬುರಗಿಯ ದವಾಖಾನೆಗಳ ಮುಂದೆ ಚೀಟಿ ಹಿಡಿದು ನಿಂತ ದಂಪತಿಗೆ ಎರಡೂ ಕಿವಿಗೆ ಬೀಳುತ್ತವೆ. "ಡಾಕ್ಟ್ರೇ, ಇದು ಯಾವ ಸೂಜಿರಿ?" ಎಂದು ಕೇಳುವುದು ಸಹಜ.

ಆದರೆ ಆ ಪ್ರಶ್ನೆಯೊಂದೇ ಸಾಲದು. ಹೊಟ್ಟೆಯಲ್ಲಿ ನೀರು ತುಂಬುವ ಅಪಾಯ ಎಲ್ಲರಿಗೂ ಒಂದೇ ಸಮ ಇರುವುದಿಲ್ಲ. ಸೂಜಿಗೆ ಅಂಡಾಶಯ ಅತಿಯಾಗಿ ಸ್ಪಂದಿಸುವ ಹೆಣ್ಣುಮಕ್ಕಳಿಗೆ ಅದು ಹೆಚ್ಚು. ಅವರ ವಿಷಯದಲ್ಲಿ ಬಾಟಲಿಯ ಹೆಸರಿಗಿಂತ ಮೂರು ತೀರ್ಮಾನಗಳು ದೊಡ್ಡವು: ಎಷ್ಟು ಯೂನಿಟ್‌ನಿಂದ ಶುರು ಮಾಡಿದರು, ನಡುವೆ ಹೇಗೆ ನಿಗಾ ಇಟ್ಟರು, ಕೊನೆಯ ಸೂಜಿ ಯಾವುದು ಕೊಟ್ಟರು.

ಎರಡು ಮದ್ದುಗಳ ಮೂಲ

ಅಂಡಾಶಯದಲ್ಲಿ ಫಾಲಿಕಲ್‌ಗಳನ್ನು, ಅಂದರೆ ಅಂಡಾಣು ಬೆಳೆಯುವ ಪುಟ್ಟ ಚೀಲಗಳನ್ನು, ಬೆಳೆಸುವ ಹಾರ್ಮೋನು ಎಫ್‌ಎಸ್‌ಎಚ್. ಅದರ ಜೊತೆಗಾರ ಎಲ್‌ಎಚ್. ಎರಡೂ ಮೆದುಳಿನ ಬುಡದ ಪಿಟ್ಯುಟರಿ ಗ್ರಂಥಿಯಿಂದ ಬರುತ್ತವೆ. ಮುಟ್ಟು ನಿಂತ ಮೇಲೆ ಅಂಡಾಶಯ ಸುಮ್ಮನಾಗುತ್ತದೆ. ತಡೆಯುವವರಿಲ್ಲದ ಪಿಟ್ಯುಟರಿ ಈ ಎರಡನ್ನೂ ಜಾಸ್ತಿ ಸುರಿಸುತ್ತದೆ, ಅವು ಮೂತ್ರದಲ್ಲಿ ಹೊರಬರುತ್ತವೆ. ಇಟಲಿಯ ಕಾನ್ವೆಂಟ್‌ಗಳಲ್ಲಿದ್ದ ವಯಸ್ಸಾದ ನನ್‌ಗಳ ಮೂತ್ರ ಸಂಗ್ರಹಿಸಿ, ಅದರಿಂದ ಹಾರ್ಮೋನು ತೆಗೆದು ಮದ್ದು ಮಾಡಿದರು. ಅದೇ ಎಚ್‌ಎಂಜಿ. ಅದನ್ನು ಪಡೆದ ಮಹಿಳೆಗೆ ಮೊದಲ ಮಗು ಹುಟ್ಟಿದ್ದು 1962ರಲ್ಲಿ, ಇಸ್ರೇಲಿನಲ್ಲಿ.

ಹಳೆಯ ಎಚ್‌ಎಂಜಿಯಲ್ಲಿ ಬೇರೆ ಪ್ರೋಟೀನುಗಳ ಕಸವೇ ಹೆಚ್ಚಿತ್ತು. ಅದನ್ನು ಸ್ನಾಯುವಿಗೆ ಚುಚ್ಚಬೇಕಿತ್ತು, ನೋವಾಗುತ್ತಿತ್ತು. ಈಗಿನ ಹೆಚ್ಚು ಶುದ್ಧೀಕರಿಸಿದ ಎಚ್‌ಎಂಜಿಯನ್ನು ಚರ್ಮದಡಿಗೆ ಕೊಡಬಹುದು. 75 ಯೂನಿಟ್‌ನ ಒಂದು ಸೀಸೆಯಲ್ಲಿ 75 ಯೂನಿಟ್ ಎಫ್‌ಎಸ್‌ಎಚ್ ಇರುತ್ತದೆ, ಅಷ್ಟೇ ಎಲ್‌ಎಚ್ ಕೆಲಸವೂ ಇರುತ್ತದೆ. ಈ ಎಲ್‌ಎಚ್ ಕೆಲಸದ ಬಹುಪಾಲು ಅದರಲ್ಲಿರುವ ಎಚ್‌ಸಿಜಿ ಎಂಬ ಗರ್ಭಾವಸ್ಥೆಯ ಹಾರ್ಮೋನಿನಿಂದ ಬರುವಂಥದ್ದು.

ರಿಕಾಂಬಿನೆಂಟ್ ಎಫ್‌ಎಸ್‌ಎಚ್ ಬಂದದ್ದು 1990ರ ದಶಕದ ನಡುವೆ. ಚೀನೀ ಹ್ಯಾಮ್‌ಸ್ಟರ್ ಎಂಬ ಪುಟ್ಟ ಪ್ರಾಣಿಯ ಅಂಡಾಶಯದ ಜೀವಕೋಶಗಳಿಗೆ ಮನುಷ್ಯರ ಎಫ್‌ಎಸ್‌ಎಚ್ ಜೀನ್ ಸೇರಿಸಿ, ಲ್ಯಾಬಿನಲ್ಲಿ ಬೆಳೆಸಿ ಇದನ್ನು ಪಡೆಯುತ್ತಾರೆ. ಇದರಲ್ಲಿ ಎಲ್‌ಎಚ್ ಇಲ್ಲವೇ ಇಲ್ಲ. ಪ್ರೋಟೀನಿನ ತೂಕ ನೋಡಿ ತುಂಬುವುದರಿಂದ ಒಂದು ಬ್ಯಾಚಿಗೂ ಇನ್ನೊಂದಕ್ಕೂ ವ್ಯತ್ಯಾಸ ಕಡಿಮೆ. ಮೂತ್ರದ ಮದ್ದಿನ ಬಲವನ್ನು ಇಲಿಗಳ ಮೇಲೆ ಪರೀಕ್ಷಿಸಿ ಅಳೆಯುವುದು ರೂಢಿ. ಆ ಅಳತೆಯಲ್ಲಿ ಸ್ವಲ್ಪ ಏರುಪೇರು ಇದ್ದೇ ಇರುತ್ತದೆ.

"ಮೂತ್ರದ್ದು" ಎಂದೊಡನೆ ಹುಟ್ಟುವ ಅಸಹ್ಯಕ್ಕೆ ಆಧಾರವಿಲ್ಲ. ಸೋಂಕು ಹರಡೀತೆಂಬ ಭಯ ಲೆಕ್ಕಾಚಾರದ ಮಟ್ಟದಲ್ಲೇ ಉಳಿದಿದೆ.

ಕೆಲವರ ಅಂಡಾಶಯ ಯಾಕೆ ಉಕ್ಕುತ್ತದೆ?

ಪ್ರತಿ ತಿಂಗಳು ಹಲವು ಸಣ್ಣ ಫಾಲಿಕಲ್‌ಗಳು ಬೆಳೆಯಲು ಸಿದ್ಧವಾಗಿರುತ್ತವೆ. ಎಫ್‌ಎಸ್‌ಎಚ್ ಒಂದು ಮಟ್ಟ ದಾಟಿದರೆ ಅವು ಎದ್ದೇಳುತ್ತವೆ. ಸಹಜ ತಿಂಗಳಲ್ಲಿ ಮುಂದಿರುವ ಫಾಲಿಕಲ್ ಹಾರ್ಮೋನು ಸುರಿಸುತ್ತಿದ್ದಂತೆ ಎಫ್‌ಎಸ್‌ಎಚ್ ಇಳಿಯುತ್ತದೆ. ಉಳಿದವು ಬಾಡುತ್ತವೆ. ಹಾಗಾಗಿ ಒಂದೇ ಅಂಡಾಣು ಬರುತ್ತದೆ. ದಿನವೂ ಸೂಜಿ ಕೊಟ್ಟಾಗ ಆ ಇಳಿತ ಆಗುವುದಿಲ್ಲ. ಸಿದ್ಧವಾಗಿದ್ದ ಬಹುಪಾಲು ಫಾಲಿಕಲ್‌ಗಳು ಒಟ್ಟಿಗೆ ಬೆಳೆಯುತ್ತವೆ.

ಅಂದರೆ ಸ್ಪಂದನೆ ಎಷ್ಟಿರುತ್ತದೆ ಎಂಬುದಕ್ಕೆ ಮೊದಲ ಕಾರಣ ಅಲ್ಲಿ ಎಷ್ಟು ಫಾಲಿಕಲ್ ಕಾದಿವೆ ಎಂಬುದು. ಇದನ್ನು ಮೊದಲೇ ಅಂದಾಜು ಮಾಡಬಹುದು. ಸಣ್ಣ ಫಾಲಿಕಲ್‌ಗಳೇ ಸುರಿಸುವ ಎಎಂಎಚ್ ಎಂಬ ಹಾರ್ಮೋನು ರಕ್ತದಲ್ಲಿ ಒಂದು ಮಿಲಿಲೀಟರಿಗೆ ಸುಮಾರು 3.5 ನ್ಯಾನೋಗ್ರಾಮ್ ದಾಟಿದ್ದರೆ ಎಚ್ಚರ ಬೇಕು. ಮುಟ್ಟಿನ ಶುರುವಿನಲ್ಲಿ ಸ್ಕ್ಯಾನ್ ಮಾಡಿ ಎರಡೂ ಅಂಡಾಶಯದ ಸಣ್ಣ ಫಾಲಿಕಲ್ ಎಣಿಸಿದಾಗ ಇಪ್ಪತ್ತರ ಆಚೆ ಈಚೆ ಸಿಕ್ಕರೂ ಹಾಗೆಯೇ. ಪಿಸಿಒಎಸ್ ಇರುವವರು, ಚಿಕ್ಕ ವಯಸ್ಸಿನವರು, ತೆಳ್ಳಗಿನವರು, ಹಿಂದೊಮ್ಮೆ ಹೊಟ್ಟೆಯಲ್ಲಿ ನೀರು ತುಂಬಿದ್ದವರು ಈ ಗುಂಪಿಗೆ ಸೇರುತ್ತಾರೆ.

ಫಾಲಿಕಲ್ ಜಾಸ್ತಿ ಆದದ್ದಕ್ಕೇ ನೀರು ತುಂಬುವುದಿಲ್ಲ. ಕೊನೆಗೆ ಎಚ್‌ಸಿಜಿ ಹಾರ್ಮೋನು ಬಿದ್ದಾಗ ಅಷ್ಟೂ ಫಾಲಿಕಲ್‌ಗಳು ರಕ್ತನಾಳಗಳನ್ನು ಸೋರುವಂತೆ ಮಾಡುವ ವಿಇಜಿಎಫ್ ಎಂಬ ಪ್ರೋಟೀನನ್ನು ಸುರಿಸುತ್ತವೆ. ಸಣ್ಣ ರಕ್ತನಾಳಗಳಿಂದ ನೀರಿನಂಶ ಹೊಟ್ಟೆಗೆ ಇಳಿಯುತ್ತದೆ. ಒಳಗೆ ಉಳಿದ ರಕ್ತ ಗಟ್ಟಿಯಾಗುತ್ತದೆ, ಮೂತ್ರ ಕಡಿಮೆಯಾಗುತ್ತದೆ, ಹೆಪ್ಪುಗಟ್ಟುವ ಭಯ ಬರುತ್ತದೆ. ಇದೇ ಒಎಚ್‌ಎಸ್‌ಎಸ್.

ಯಾವ ಮದ್ದು ಮೇಲು ಎಂಬ ವಾದ

ಎಲ್ಲ ಬಗೆಯ ಮಹಿಳೆಯರನ್ನೂ ಸೇರಿಸಿ ನೋಡಿದ ಅಧ್ಯಯನಗಳಲ್ಲಿ ಎರಡು ಮದ್ದುಗಳ ನಡುವೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ರಿಕಾಂಬಿನೆಂಟ್‌ನಿಂದ ಒಂದೆರಡು ಅಂಡಾಣು ಹೆಚ್ಚು ಸಿಗುತ್ತವೆ, ಮಗು ಹುಟ್ಟುವ ಪ್ರಮಾಣ ಹತ್ತಿರಹತ್ತಿರವೇ ಇರುತ್ತದೆ. ಯುರೋಪಿನ ತಜ್ಞರ ಸಂಘ ಎಶ್ರೆ 2019ರ ಮಾರ್ಗಸೂಚಿಯಲ್ಲಿ ಎರಡನ್ನೂ ಸಮಾನವಾಗಿ ಒಪ್ಪಿತು.

ಗೊಂದಲ ಹೆಚ್ಚಿದ್ದು 2020ರಲ್ಲಿ ಪ್ರಕಟವಾದ ಮೆಗಾಸೆಟ್-ಎಚ್‌ಆರ್ ಎಂಬ ಅಮೆರಿಕದ ಅಧ್ಯಯನದಿಂದ. ಅದರಲ್ಲಿದ್ದವರೆಲ್ಲ ಎಎಂಎಚ್ 5ಕ್ಕಿಂತ ಕಡಿಮೆ ಇಲ್ಲದ, ಅತಿಯಾಗಿ ಸ್ಪಂದಿಸಬಹುದಾದ ಮಹಿಳೆಯರು. ಎರಡೂ ಗುಂಪಿಗೆ 150 ಯೂನಿಟ್‌ನಿಂದ ಶುರು ಮಾಡಿದರು. ಸಿಕ್ಕ ಅಂಡಾಣುಗಳ ಸರಾಸರಿ ಎಚ್‌ಎಂಜಿ ಗುಂಪಿನಲ್ಲಿ 15.1, ರಿಕಾಂಬಿನೆಂಟ್ ಗುಂಪಿನಲ್ಲಿ 22.2. ಯಾವುದೇ ಮಟ್ಟದ ಒಎಚ್‌ಎಸ್‌ಎಸ್ ಆದವರು ಎಚ್‌ಎಂಜಿಯಲ್ಲಿ ಶೇ 9.7, ರಿಕಾಂಬಿನೆಂಟ್‌ನಲ್ಲಿ ಶೇ 21.4. ಆದರೆ ಫ್ರೀಜ್ ಮಾಡಿದ ಭ್ರೂಣಗಳನ್ನೂ ಸೇರಿಸಿ ಕೊನೆಗೆ ಮಗು ಹುಟ್ಟಿದ ಲೆಕ್ಕ ನೋಡಿದರೆ ಎರಡೂ ಕಡೆ ಸುಮಾರು ಶೇ 51.

ಎಚ್‌ಎಂಜಿ ಪರವಾಗಿರುವವರು ಇದನ್ನೇ ಎತ್ತಿ ತೋರಿಸುತ್ತಾರೆ. ಅದರೊಳಗಿನ ಎಲ್‌ಎಚ್ ಕೆಲಸ ಹಿಂದೆ ಬಿದ್ದ ಸಣ್ಣ ಫಾಲಿಕಲ್‌ಗಳನ್ನು ಬಾಡಿಸುತ್ತದೆ, ಅಂಡಾಣು ಕಡಿಮೆಯಾದರೂ ಮಗು ಕಡಿಮೆಯಾಗುವುದಿಲ್ಲ, ಅಪಾಯ ಅರ್ಧಕ್ಕಿಳಿಯುತ್ತದೆ ಎನ್ನುವುದು ಅವರ ವಾದ. ನಮ್ಮಲ್ಲಿ ಎಚ್‌ಎಂಜಿ ಅಗ್ಗವೂ ಹೌದು.

ಎದುರು ಪಕ್ಷದವರ ತಕರಾರಿನಲ್ಲೂ ತೂಕವಿದೆ. ಆ ಅಧ್ಯಯನಕ್ಕೆ ಹಣ ಕೊಟ್ಟದ್ದು ಎಚ್‌ಎಂಜಿ ತಯಾರಿಸುವ ಕಂಪನಿಯೇ. ಅದಕ್ಕಿಂತ ಮುಖ್ಯವಾದದ್ದು ಡೋಸ್. ಇಂಥ ಮಹಿಳೆಯರಲ್ಲಿ 150 ಯೂನಿಟ್ ರಿಕಾಂಬಿನೆಂಟ್, 150 ಯೂನಿಟ್ ಎಚ್‌ಎಂಜಿಗಿಂತ ಜೋರಾಗಿ ಕೆಲಸ ಮಾಡಿತು. ಹಾಗಿದ್ದರೆ ರಿಕಾಂಬಿನೆಂಟನ್ನು 100ಕ್ಕೆ ಇಳಿಸಿದ್ದರೆ ಈ ಅಂತರ ಎಷ್ಟು ಉಳಿಯುತ್ತಿತ್ತು? ಅದನ್ನು ಆ ಅಧ್ಯಯನ ಪರೀಕ್ಷಿಸಲಿಲ್ಲ.

ನೆದರ್ಲೆಂಡ್ಸ್‌ನಲ್ಲಿ ನಡೆದ ಆಪ್ಟಿಮಿಸ್ಟ್ ಅಧ್ಯಯನ ಈ ಪ್ರಶ್ನೆಯ ಹತ್ತಿರ ಹೋಯಿತು. 15ಕ್ಕಿಂತ ಹೆಚ್ಚು ಸಣ್ಣ ಫಾಲಿಕಲ್ ಇದ್ದವರಲ್ಲಿ ಕೆಲವರಿಗೆ 100, ಕೆಲವರಿಗೆ 150 ಯೂನಿಟ್ ಎಫ್‌ಎಸ್‌ಎಚ್ ಕೊಟ್ಟರು. ಒಎಚ್‌ಎಸ್‌ಎಸ್ ಶೇ 11.8ರಿಂದ 5.2ಕ್ಕೆ ಇಳಿಯಿತು. ಮಗು ಹುಟ್ಟುವ ಪ್ರಮಾಣದಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಆಗಲಿಲ್ಲ. ಆದರೆ ತೀವ್ರ ಮಟ್ಟದ ಒಎಚ್‌ಎಸ್‌ಎಸ್ ಎರಡೂ ಕಡೆ ಶೇ ಒಂದರ ಸುತ್ತಮುತ್ತಲೇ ಉಳಿಯಿತು. ಡೋಸ್ ಇಳಿಸಿದರೆ ಸಣ್ಣ ತೊಂದರೆಗಳು ತಪ್ಪುತ್ತವೆ, ಐಸಿಯು ಮಟ್ಟದ ಅಪಾಯ ತಪ್ಪಿಸಲು ಅದೊಂದೇ ಸಾಲದು. ನನ್ನ ಓದಿನಲ್ಲಿ ಈ ಇಡೀ ಚರ್ಚೆಯಲ್ಲಿ ಹೆಚ್ಚು ಗಮನಿಸಬೇಕಾದ ಅಂಶ ಇದೇ.

ಡೋಸ್ ಏರಿಸುವ ಅವಸರ

ಪೆನ್ನಿನಲ್ಲಿ ಬರುವ ರಿಕಾಂಬಿನೆಂಟ್‌ನ ಒಂದು ಅನುಕೂಲದ ಬಗ್ಗೆ ಮಾತು ಕಡಿಮೆ. ಕೆಲವು ಪೆನ್ನುಗಳಲ್ಲಿ 12.5 ಯೂನಿಟ್‌ನಷ್ಟು ಸಣ್ಣ ಹೆಜ್ಜೆಯಲ್ಲಿ ಡೋಸ್ ತಿರುಗಿಸಬಹುದು. 100, 112.5 ಎಲ್ಲ ಸುಲಭ. ಎಚ್‌ಎಂಜಿ ಪುಡಿಯ ಸೀಸೆ ಸಾಮಾನ್ಯವಾಗಿ 75 ಅಥವಾ 150ರದ್ದು. ಹಾಗಾಗಿ ಡೋಸ್ ಬದಲಿಸಿದರೆ 75ರ ಹೆಜ್ಜೆಯಲ್ಲೇ ಬದಲಾಗುವುದು ಹೆಚ್ಚು. ಉಕ್ಕುವ ಅಂಡಾಶಯಕ್ಕೆ 150ರಿಂದ 225 ಬಹಳ ದೊಡ್ಡ ಜಿಗಿತ.

ಈ ಜಿಗಿತ ಆಗುವುದು ಹೇಗೆ ಅಂತ ನೋಡೋಣ. ಎಫ್‌ಎಸ್‌ಎಚ್ ದೇಹದಿಂದ ನಿಧಾನಕ್ಕೆ ಇಳಿಯುತ್ತದೆ. ಅರ್ಧ ಇಳಿಯಲು ಒಂದು ದಿನಕ್ಕಿಂತ ಹೆಚ್ಚು ಬೇಕು. ದಿನವೂ ಸೂಜಿ ಕೊಟ್ಟರೆ ರಕ್ತದಲ್ಲಿ ಅದು ಮೂರು-ನಾಲ್ಕು ದಿನ ಏರುತ್ತಲೇ ಇದ್ದು ಆಮೇಲೆ ಒಂದು ಮಟ್ಟಕ್ಕೆ ನಿಲ್ಲುತ್ತದೆ. ಫಾಲಿಕಲ್ ಬೆಳವಣಿಗೆ ಅದಕ್ಕೂ ಹಿಂದೆ ಬರುತ್ತದೆ. ಪಿಸಿಒಎಸ್ ಇರುವವರಲ್ಲಿ ಐದನೇ ದಿನದ ಸ್ಕ್ಯಾನ್‌ನಲ್ಲಿ 8-9 ಮಿಲಿಮೀಟರ್‌ನ ಕೆಲವೇ ಫಾಲಿಕಲ್ ಕಾಣುವುದು ಅಪರೂಪವಲ್ಲ. "ಬೆಳೀತಾ ಇಲ್ಲ" ಎಂದು ಮನೆಯವರಿಗೂ ಆತಂಕ, ದುಡ್ಡು ವ್ಯರ್ಥವಾದೀತೆಂದು ವೈದ್ಯರಿಗೂ ಒತ್ತಡ. ಅವತ್ತು ಡೋಸ್ ಏರಿಸಿದರೆ, ಹಳೆಯ ಡೋಸಿಗೆ ಏಳಬೇಕಾದವೂ ಹೊಸ ಡೋಸಿಗೆ ಎದ್ದವೂ ಒಟ್ಟಿಗೆ ಒಂಬತ್ತು-ಹತ್ತನೇ ದಿನಕ್ಕೆ ಮೇಲೆ ಬರುತ್ತವೆ. ಆಗ ಡೋಸ್ ಇಳಿಸಿದರೂ ಅದರ ಪರಿಣಾಮ ಕಾಣಲು ಎರಡು-ಮೂರು ದಿನ ಬೇಕು. ಹಾಗಾಗಿ ಇಂಥವರಲ್ಲಿ ಇನ್ನೆರಡು ದಿನ ಅದೇ ಡೋಸ್‌ನಲ್ಲಿ ಕಾಯುವುದು ಸುರಕ್ಷಿತ.

ಒಂದು ಉದಾಹರಣೆಯ ಲೆಕ್ಕ

ಯಾದಗಿರಿ ಜಿಲ್ಲೆ ಸುರಪುರ ಕಡೆಯ 27 ವರ್ಷದ ಒಬ್ಬ ಮಹಿಳೆ ಎಂದು ಊಹಿಸಿಕೊಳ್ಳಿ. ಪಿಸಿಒಎಸ್ ಇದೆ, ತೂಕ 54 ಕೆ.ಜಿ., ಎಎಂಎಚ್ 7.8, ಸ್ಕ್ಯಾನ್‌ನಲ್ಲಿ 30 ಸಣ್ಣ ಫಾಲಿಕಲ್. ಚಿಕಿತ್ಸೆ ಕಲಬುರಗಿಯಲ್ಲಿ.

ಮುಟ್ಟಿನ ಎರಡನೇ ದಿನ ಸೂಜಿ ಶುರು. ರಿಕಾಂಬಿನೆಂಟ್ ಆದರೆ 100 ಅಥವಾ 112.5 ಯೂನಿಟ್, ಎಚ್‌ಎಂಜಿ ಆದರೆ 150. ಎರಡೂ ಸರಿಯಾದ ಆಯ್ಕೆಗಳೇ. ಅಂಡಾಣು ತಾನಾಗಿ ಮೊದಲೇ ಬಿಡುಗಡೆಯಾಗದಂತೆ ಸೂಜಿಯ ಆರನೇ ದಿನದಿಂದ ಆಂಟಗೊನಿಸ್ಟ್ ಸೂಜಿ, ದಿನಕ್ಕೆ 0.25 ಮಿಲಿಗ್ರಾಮ್. ಅವತ್ತಿನ ಸ್ಕ್ಯಾನ್‌ನಲ್ಲಿ 12 ಫಾಲಿಕಲ್ ಎದ್ದಿವೆ, ದೊಡ್ಡದು 11 ಮಿಲಿಮೀಟರ್. ಬೆಳೆಯುವ ಫಾಲಿಕಲ್‌ಗಳು ಸುರಿಸುವ ಎಸ್ಟ್ರಡಯಾಲ್ ಹಾರ್ಮೋನು ರಕ್ತದಲ್ಲಿ ಮಿಲಿಲೀಟರಿಗೆ 500 ಪಿಕೋಗ್ರಾಮ್. ಡೋಸ್ ಬದಲಿಸುವುದಿಲ್ಲ. ಎಂಟನೇ ದಿನ 19 ಫಾಲಿಕಲ್, ದೊಡ್ಡದು 15, ಎಸ್ಟ್ರಡಯಾಲ್ 1,900. ಇಲ್ಲಿ ಗಮನಿಸಬೇಕಾದ್ದು ಏರಿಕೆಯ ವೇಗ. ಎರಡು ದಿನದಲ್ಲಿ ಸುಮಾರು ನಾಲ್ಕು ಪಟ್ಟಾಗಿದೆ. ಮುಂದಿನ ಸ್ಕ್ಯಾನ್ ಮುಂದೂಡುವ ಹಾಗಿಲ್ಲ.

ಹತ್ತನೇ ದಿನ ಮೂರು ಫಾಲಿಕಲ್ 18 ಮಿಲಿಮೀಟರ್ ಮುಟ್ಟಿವೆ. 11 ಮಿಲಿಮೀಟರ್ ದಾಟಿದವು ಒಟ್ಟು 23. ಎಸ್ಟ್ರಡಯಾಲ್ 4,100. ಹೀಗೆ 11 ಮಿಲಿಮೀಟರ್ ದಾಟಿದ ಫಾಲಿಕಲ್‌ಗಳ ಎಣಿಕೆ 18ರ ಮೇಲೆ, ಎಸ್ಟ್ರಡಯಾಲ್ 3,500ರ ಮೇಲೆ ಹೋದರೆ ಅಪಾಯದ ಗುಂಪು ಎಂದು ಹಿಡಿಯುತ್ತಾರೆ. ಶುರುವಿನಲ್ಲಿ ಕಡಿಮೆ ಡೋಸ್ ಕೊಟ್ಟರೂ ಈಕೆ ಆ ಗೆರೆ ದಾಟಿದ್ದಾಳೆ. ಡೋಸ್ ಲೆಕ್ಕದ ಮಿತಿ ಇದು.

ಕೊನೆಯ ಸೂಜಿ

ಅಂಡಾಣು ಪಕ್ವವಾಗಲು ಕೊನೆಗೆ ಒಂದು ಟ್ರಿಗರ್ ಸೂಜಿ ಬೇಕು. ಸುಮಾರು 36 ಗಂಟೆ ಬಿಟ್ಟು ಅಂಡಾಣು ತೆಗೆಯುತ್ತಾರೆ. ಹಳೆಯ ರೂಢಿ ಎಚ್‌ಸಿಜಿ. ಅದು ಎಲ್‌ಎಚ್‌ನ ಕೆಲಸವನ್ನೇ ಮಾಡುತ್ತದೆ, ಆದರೆ ದೇಹದಲ್ಲಿ ದಿನಗಟ್ಟಲೆ ಉಳಿಯುತ್ತದೆ. ಅಷ್ಟು ದಿನವೂ 23 ಫಾಲಿಕಲ್‌ಗಳು ವಿಇಜಿಎಫ್ ಸುರಿಸುತ್ತಲೇ ಇರುತ್ತವೆ.

ಇನ್ನೊಂದು ದಾರಿ ಜಿಎನ್‌ಆರ್‌ಎಚ್ ಅಗೊನಿಸ್ಟ್ ಸೂಜಿ. ಟ್ರಿಪ್ಟೊರೆಲಿನ್ 0.2 ಮಿಲಿಗ್ರಾಮ್ ಒಂದು ಉದಾಹರಣೆ. ಇದು ಹೆಣ್ಣಿನ ಸ್ವಂತ ಪಿಟ್ಯುಟರಿಯಿಂದಲೇ ಎಲ್‌ಎಚ್ ಸುರಿಸುತ್ತದೆ. ಆ ಅಲೆ ಒಂದು ದಿನದ ಆಸುಪಾಸಿನಲ್ಲಿ ಮುಗಿಯುತ್ತದೆ. ಅಂಡಾಣು ಪಕ್ವವಾಗಲು ಅಷ್ಟು ಸಾಕು, ರಕ್ತನಾಳ ಸೋರಲು ಸಾಮಾನ್ಯವಾಗಿ ಸಾಲದು.

ಇದಕ್ಕೆ ಎರಡು ಷರತ್ತುಗಳಿವೆ. ಹಳೆಯ ಉದ್ದ ಪ್ರೋಟೊಕಾಲ್‌ನಲ್ಲಿ ಇದು ನಡೆಯುವುದಿಲ್ಲ. ಅಲ್ಲಿ ಪಿಟ್ಯುಟರಿಯನ್ನು ಅಗೊನಿಸ್ಟ್‌ನಿಂದಲೇ ಮೊದಲು ಮಲಗಿಸಿರುತ್ತಾರೆ. ಹಾಗಾಗಿಯೇ ಅಪಾಯದ ಗುಂಪಿಗೆ ಮೊದಲ ದಿನವೇ ಆಂಟಗೊನಿಸ್ಟ್ ದಾರಿ ಹಿಡಿಯಬೇಕು. ಭ್ರೂಣ ಫ್ರೀಜ್ ಮಾಡುವುದು ಮೊದಲೇ ಖಚಿತವಿದ್ದರೆ ಆಂಟಗೊನಿಸ್ಟ್ ಬದಲು ದಿನಕ್ಕೆ 10 ಮಿಲಿಗ್ರಾಮ್ ಮೆಡ್ರಾಕ್ಸಿಪ್ರೊಜೆಸ್ಟೆರಾನ್ ಮಾತ್ರೆ ಕೊಡುವ ವಿಧಾನವೂ ಇದೆ. ಅದು ಸೂಜಿಗಿಂತ ತುಂಬ ಅಗ್ಗ, ಅದರೊಂದಿಗೂ ಅಗೊನಿಸ್ಟ್ ಟ್ರಿಗರ್ ಕೆಲಸ ಮಾಡುತ್ತದೆ.

ಎರಡನೆಯ ಷರತ್ತು, ಆ ತಿಂಗಳೇ ಭ್ರೂಣ ಇಡಬಾರದು. ಅಗೊನಿಸ್ಟ್ ಟ್ರಿಗರ್ ಆದಮೇಲೆ ಗರ್ಭಕ್ಕೆ ಬೇಕಾದ ಹಾರ್ಮೋನು ಬೇಗ ಕುಸಿಯುತ್ತದೆ, ಗರ್ಭ ನಿಲ್ಲುವುದು ಕಡಿಮೆ. ಇನ್ನೊಂದು ಕಾರಣವೂ ಇದೆ. ಗರ್ಭ ನಿಂತರೆ ಆ ಗರ್ಭವೇ ಎಚ್‌ಸಿಜಿ ಸುರಿಸುತ್ತದೆ. ತಪ್ಪಿಸಿದ್ದ ತೊಂದರೆ ಹತ್ತು-ಹನ್ನೆರಡು ದಿನದ ಮೇಲೆ ಮತ್ತೆ ಬರಬಹುದು, ಬಂದರೆ ಮೊದಲಿನದ್ದಕ್ಕಿಂತ ಉದ್ದಕ್ಕೆ ಎಳೆಯುತ್ತದೆ. ನಮ್ಮ ಉದಾಹರಣೆಯ ಮಹಿಳೆಗೆ ಅಗೊನಿಸ್ಟ್ ಟ್ರಿಗರ್ ಕೊಟ್ಟು, ಎಲ್ಲ ಭ್ರೂಣ ಫ್ರೀಜ್ ಮಾಡಿ, ಒಂದೆರಡು ತಿಂಗಳು ಬಿಟ್ಟು ಒಂದೊಂದೇ ಇಡುವುದು ಸರಿಯಾದ ದಾರಿ. "ಇಷ್ಟು ಸೂಜಿ ತಗೊಂಡು ಈ ತಿಂಗಳು ಖಾಲಿ ಬಿಡೋದಾ?" ಎಂದು ಮನೆಯ ಹಿರಿಯರು ಕೇಳುತ್ತಾರೆ. ಅವರಿಗೆ ಈ ಕಾರಣವನ್ನು ಚಿಕಿತ್ಸೆ ಶುರುವಾಗುವ ಮೊದಲೇ ಹೇಳಿರಬೇಕು. ಫ್ರೀಜಿಂಗ್ ಖರ್ಚನ್ನೂ ಮೊದಲೇ ಲೆಕ್ಕಕ್ಕೆ ಹಿಡಿದಿರಬೇಕು. ಅತ್ತ ಹಣವಿಲ್ಲ, ಇತ್ತ ಅಪಾಯವಿದೆ ಎಂಬ ಇಕ್ಕಟ್ಟು ಹತ್ತನೇ ದಿನ ಎದುರಾಗಬಾರದು.

ದೂರ ಮತ್ತು ಬಿಸಿಲು

ಬೀದರಿನವರಿಗೆ ಹೈದರಾಬಾದ್ ಹತ್ತಿರ, ಆಳಂದ ಕಡೆಯವರಿಗೆ ಸೊಲ್ಲಾಪುರ. ಸುರಪುರ, ಶಹಾಪುರದವರು ಕಲಬುರಗಿಗೋ ರಾಯಚೂರಿಗೋ ಬಸ್ಸು ಹಿಡಿಯುತ್ತಾರೆ. ಇದರಿಂದ ಆಗುವ ನಷ್ಟ ನೇರವಾಗಿ ನಿಗಾದ ಮೇಲೆ ಬೀಳುತ್ತದೆ. ಸಂಬಳ ಕಡಿತ, ಬಸ್ ಚಾರ್ಜು ಅಂತ ಎಂಟನೇ ದಿನದ ಸ್ಕ್ಯಾನ್ ಬಿಟ್ಟು ಹತ್ತನೇ ದಿನಕ್ಕೆ ಬಂದರೆ ಆ ನಾಲ್ಕು ಪಟ್ಟಿನ ಏರಿಕೆ ಯಾರಿಗೂ ಕಾಣಿಸುವುದೇ ಇಲ್ಲ. ನಡುವಿನ ಒಂದು ಸ್ಕ್ಯಾನ್ ಮತ್ತು ಎಸ್ಟ್ರಡಯಾಲ್ ಪರೀಕ್ಷೆಯನ್ನು ಊರ ಹತ್ತಿರದ ನೋಂದಾಯಿತ ಸ್ಕ್ಯಾನ್ ಕೇಂದ್ರದಲ್ಲಿ ಮಾಡಿಸಿ ವರದಿ ಕಳಿಸಬಹುದಾ ಎಂದು ಮೊದಲೇ ಕೇಳಿಕೊಳ್ಳುವುದು ಒಳ್ಳೆಯದು. ವರದಿಯಲ್ಲಿ "ಹಲವು ಫಾಲಿಕಲ್" ಅಂತ ಬರೆದರೆ ಉಪಯೋಗವಿಲ್ಲ. 11 ಮಿಲಿಮೀಟರ್ ದಾಟಿದವೆಷ್ಟು ಎಂಬ ಎಣಿಕೆ ಬೇಕು.

ಮದ್ದಿನ ವಿಷಯದಲ್ಲಿ ಬಿಸಿಲು ಇನ್ನೊಂದು ಸಮಸ್ಯೆ. ಪೆನ್ನುಗಳನ್ನು 2ರಿಂದ 8 ಡಿಗ್ರಿಯ ಫ್ರಿಜ್ಜಿನಲ್ಲಿ ಇಡಬೇಕು. ಎಚ್‌ಎಂಜಿ ಪುಡಿಯನ್ನು ಹೊರಗಿಡಬಹುದು ಎನ್ನುವುದು ನಿಜ, ಆದರೆ ಆ ಲೆಕ್ಕ 25 ಡಿಗ್ರಿಯವರೆಗೆ ಮಾತ್ರ. ಏಪ್ರಿಲ್-ಮೇ ತಿಂಗಳಲ್ಲಿ 40 ದಾಟುವ ಕಲಬುರಗಿಯಲ್ಲಿ ಅದಕ್ಕೂ ಫ್ರಿಜ್ಜೇ ಗತಿ. ಕೆಟ್ಟ ಮದ್ದು ನೋಡಲು ಬೇರೆಯಾಗಿ ಕಾಣಿಸುವುದಿಲ್ಲ. ಸ್ಪಂದನೆ ಕಡಿಮೆಯಾದಂತೆ ಕಾಣುತ್ತದೆ, ಡೋಸ್ ಏರಿಸುತ್ತಾರೆ, ಮುಂದಿನ ಪೆಟ್ಟಿಗೆ ಸರಿಯಾದ ಮದ್ದು ಬಂದಾಗ ಅಂಡಾಶಯ ಒಮ್ಮೆಲೇ ಉಕ್ಕುತ್ತದೆ.

ತೊಂದರೆ ಬಂದಾಗ ಹತ್ತಿರದ ಆಸ್ಪತ್ರೆಯಲ್ಲಿ

ಎಚ್‌ಸಿಜಿಯಿಂದ ಬರುವ ತೊಂದರೆ ಟ್ರಿಗರ್ ಆದ ಒಂದು ವಾರದೊಳಗೆ ಕಾಣಿಸುತ್ತದೆ. ಅಷ್ಟೊತ್ತಿಗೆ ಹೆಣ್ಣುಮಗಳು ಊರಿಗೆ ಮರಳಿರುತ್ತಾಳೆ. ಹೊಟ್ಟೆ ಬಿಗಿ, ವಾಂತಿ, ದಿನಕ್ಕೆ ಒಂದು ಕೆ.ಜಿ.ಗಿಂತ ಹೆಚ್ಚು ತೂಕ ಏರುವುದು, ಮೂತ್ರ ಕಡಿಮೆಯಾಗುವುದು, ಮಲಗಿದರೆ ಉಸಿರು ಕಟ್ಟುವುದು ಇದರ ಲಕ್ಷಣ. ದಿನವೂ ಬೆಳಿಗ್ಗೆ ತೂಕ ನೋಡಿ ಬರೆದಿಟ್ಟರೆ ಬೇಗ ಗೊತ್ತಾಗುತ್ತದೆ. ಉಸಿರಾಟದ ಕಷ್ಟ, ಕಾಲು ಅಥವಾ ಕುತ್ತಿಗೆಯ ಒಂದೇ ಕಡೆ ಊತ ಬಂದರೆ ಕಾಯುವ ಮಾತೇ ಇಲ್ಲ.

ತಾಲ್ಲೂಕು ಆಸ್ಪತ್ರೆಗೆ ಹೋದರೆ ಐವಿಎಫ್ ಸೂಜಿ ಆಗಿದೆ ಎಂದು ಮುಚ್ಚಿಡದೆ ಹೇಳಬೇಕು. ನಮ್ಮ ಕಡೆ ಇದನ್ನು ಗುಟ್ಟಾಗಿಡುವ ಮನೆಗಳೇ ಹೆಚ್ಚು. ಹೇಳದಿದ್ದರೆ ಆಗುವ ಅನಾಹುತ ಎರಡು. ಊದಿದ ಅಂಡಾಶಯವನ್ನು ಗೆಡ್ಡೆ ಎಂದು ತಿಳಿದು ಆಪರೇಷನ್‌ಗೆ ಕೈಹಾಕಬಹುದು. ಮೂತ್ರ ಬರುತ್ತಿಲ್ಲ ಎಂದು ಮೂತ್ರ ಹೆಚ್ಚಿಸುವ ಸೂಜಿ ಕೊಡಬಹುದು. ರಕ್ತ ಮೊದಲೇ ಗಟ್ಟಿಯಾಗಿರುವಾಗ ಅದು ಇನ್ನಷ್ಟು ಗಟ್ಟಿಯಾಗುತ್ತದೆ, ಹೆಪ್ಪುಗಟ್ಟುವ ಅಪಾಯ ಏರುತ್ತದೆ.

ಇದರಲ್ಲಿ ಕಲ್ಯಾಣ ಕರ್ನಾಟಕಕ್ಕೆ ವಿಶೇಷವಾಗಿ ಸಂಬಂಧಿಸಿದ ಒಂದು ಬಲೆ ಇದೆ. ರಕ್ತ ಎಷ್ಟು ಗಟ್ಟಿಯಾಗಿದೆ ಎಂದು ಹೆಮಟೊಕ್ರಿಟ್ ನೋಡಿ ಅಳೆಯುತ್ತಾರೆ. 45 ದಾಟಿದರೆ ತೀವ್ರ ಎಂಬುದು ಪುಸ್ತಕದ ಗೆರೆ. ಆದರೆ ನಮ್ಮಲ್ಲಿ ರಕ್ತಹೀನತೆ ಇರುವ ಹೆಣ್ಣುಮಕ್ಕಳು ಬಹಳ. ಚಿಕಿತ್ಸೆಗೆ ಮೊದಲು 30 ಇದ್ದವಳಿಗೆ ಈಗ 40 ಬಂದಿದ್ದರೆ ವರದಿಯಲ್ಲಿ ಅದು ನಾರ್ಮಲ್ ಎಂದೇ ಅಚ್ಚಾಗುತ್ತದೆ. ನಿಜವಾಗಿ ಆಕೆಯ ರಕ್ತ ಮೂರನೇ ಒಂದು ಭಾಗದಷ್ಟು ಗಟ್ಟಿಯಾಗಿರುತ್ತದೆ. ಹಿಂದಿನ ಅಂಕಿ ಕೈಯಲ್ಲಿದ್ದರೆ ಮಾತ್ರ ಇದು ತಿಳಿಯುತ್ತದೆ. ಆದ್ದರಿಂದ ಅಂಡಾಣು ತೆಗೆಸಿಕೊಂಡು ಊರಿಗೆ ಹೊರಡುವಾಗ ಕೈಚೀಟಿಯಲ್ಲಿ ನಾಲ್ಕು ವಿಷಯ ಬರೆಸಿಕೊಳ್ಳಬೇಕು: ಸೂಜಿ ಶುರುವಾಗುವ ಮೊದಲಿನ ಹೆಮಟೊಕ್ರಿಟ್, ಅವತ್ತಿನ ತೂಕ, ತೆಗೆದ ಅಂಡಾಣುಗಳ ಎಣಿಕೆ, ಟ್ರಿಗರ್ ಎಚ್‌ಸಿಜಿಯೋ ಅಗೊನಿಸ್ಟೋ ಎಂಬುದು. ರಾತ್ರಿ ಪಾಳಿಯ ವೈದ್ಯರು ಇವಳನ್ನು ಊರಲ್ಲೇ ಇಟ್ಟುಕೊಳ್ಳಬೇಕೋ ಕಲಬುರಗಿಗೆ ಕಳಿಸಬೇಕೋ ಎಂದು ತೀರ್ಮಾನಿಸುವುದು ಈ ನಾಲ್ಕನ್ನು ನೋಡಿ.